ಹಾಲು ಕಕ್ಕುವ ಕೂಸಿಗೆ ತಲೆದಿಂಬು ಬೇಡ

(ವಿರಾಜಪೇಟೆ ಹತ್ತಿರದ ಒಂದು ಸಮುದಾಯ ಭವನದಲ್ಲಿ ಬಾಣಂತಿಯರು, ಅವರ ಮನೆಯವರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಗಡಿನ ಮೇಲೆ ಮಳೆ ಈ ರೀತಿ ಬಡಿಯುವಾಗ ನನ್ನ ದನಿ ಹಿಂದಿನ ಸಾಲಿಗೆ ಕೇಳುವುದಿಲ್ಲ. ಹಿಂದೆ ಇರುವವರು ಮುಂದೆ ಬನ್ನಿ. ಮಗು ಅತ್ತರೆ ಹೊರಗೆ ಓಡಬೇಡಿ, ಇಲ್ಲೇ ಹಾಲು ಕೊಡಿ. ನಾನು ಮಕ್ಕಳ ಡಾಕ್ಟರು, ಅಳು ಕೇಳಿ ಅಭ್ಯಾಸವಿದೆ.

ನೇರವಾಗಿ ಒಂದು ಮಗುವಿನ ಕಥೆಗೆ ಬರುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕಳೆದ ಮಳೆಗಾಲದಲ್ಲಿ ನಾಪೋಕ್ಲು ಕಡೆಯಿಂದ ಒಬ್ಬ ಬಾಣಂತಿ, ಅವಳ ತಾಯಿ, ಹತ್ತು ವಾರದ ಗಂಡು ಮಗು ಬಂದರು. ಇಬ್ಬರ ಕಣ್ಣೂ ಕೆಂಪಗೆ. ಮೂರು ದಿನದಿಂದ ಸರದಿ ಮೇಲೆ ಎದ್ದಿದ್ದಾರೆ. ಆಗಿದ್ದು ಇಷ್ಟು. ಒಂದು ರಾತ್ರಿ ಒಂದು ಗಂಟೆಗೆ ಮಗು ಕೆಮ್ಮಿ ಎದ್ದಿದೆ, ಬಾಯಿಂದಲೂ ಮೂಗಿನಿಂದಲೂ ಹಾಲು ಬಂದಿದೆ. ಅಜ್ಜಿ ಎತ್ತಿ ಬೆನ್ನು ಸವರಿದ್ದಾರೆ, ಸರಿಹೋಗಿದೆ. ಆದರೆ ಹೆದರಿಕೆ ಹೋಗಲಿಲ್ಲ. ಮಾರನೇ ದಿನದಿಂದ ಎರಡು ದಿಂಬು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಮಗುವನ್ನು ಒರಗಿಸಿ ಮಲಗಿಸಿದ್ದಾರೆ. ಬೆಳಗ್ಗೆ ನೋಡಿದರೆ ಮಗು ಜಾರಿ ದಿಂಬಿನ ಬುಡಕ್ಕೆ ಬಂದಿದೆ. ಮೈ ಮಡಚಿಕೊಂಡು, ಗಲ್ಲ ಎದೆಗೆ ಒತ್ತಿಕೊಂಡಿದೆ. ಅಜ್ಜಿ ನನ್ನನ್ನು ಕೇಳಿದ್ದು: "ಡಾಕ್ಟ್ರೇ, ಬೋರಲು ಮಲಗಿಸಿದ್ರೆ ಕಕ್ಕೋದಿಲ್ಲ. ನಾನು ನೋಡಿದ್ದೇನೆ. ಹಾಗೇ ಮಲಗಿಸ್ಲಾ?"

ಅಜ್ಜಿ ನೋಡಿದ್ದು ಸುಳ್ಳಲ್ಲ. ಬೋರಲು ಮಲಗಿದ ಮಗು ಕಕ್ಕುವುದು ನಿಜವಾಗಿಯೂ ಕಡಿಮೆ. ಆದರೂ ನಾನು ಬೇಡ ಎಂದೆ. ಯಾಕೆ ಅನ್ನುವುದೇ ಇವತ್ತಿನ ಮಾತು.

ಮೊದಲು ಕಕ್ಕುವುದು ಯಾಕೆ ಅಂತ ನೋಡೋಣ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿ ಇದೆ. ಹಾಲು ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಎಲ್ಲರಲ್ಲೂ ಅದು ಆಗಾಗ ಒಂದು ಕ್ಷಣ ಸಡಿಲವಾಗುತ್ತದೆ, ದೊಡ್ಡವರಲ್ಲಿ ತೇಗು ಬರುವುದು ಹಾಗೇ. ಕೂಸಿನಲ್ಲಿ ಇದು ಜಾಸ್ತಿ ಸಲ ಆಗುತ್ತದೆ. ಅನ್ನನಾಳವೂ ಗಿಡ್ಡ. ಕುಡಿಯುವುದೆಲ್ಲ ನೀರಾದ ಹಾಲು. ಮೇಲಾಗಿ ದಿನವೆಲ್ಲ ಮಲಗಿಯೇ ಇರುತ್ತದೆ. ಹೊಟ್ಟೆ ತುಂಬಿದ್ದಾಗ ಆ ಬಿಗಿ ಸಡಿಲವಾದರೆ ಹಾಲು ಹಿಂದಕ್ಕೆ ಬರದೆ ಇನ್ನೇನು? ಇದನ್ನೇ ರಿಫ್ಲಕ್ಸ್ ಅನ್ನುತ್ತಾರೆ. ನೂರು ಕೂಸಿನಲ್ಲಿ ನಲವತ್ತಕ್ಕಾದರೂ ಇದು ಇರುತ್ತದೆ. ಸಾಮಾನ್ಯವಾಗಿ ಎಂಟು ವಾರದ ಒಳಗೆ ಶುರುವಾಗುತ್ತದೆ, ನಾಲ್ಕು ತಿಂಗಳ ಹೊತ್ತಿಗೆ ಜೋರಾಗಿರುತ್ತದೆ, ಕೂರಲು ಶುರುಮಾಡಿದ ಮೇಲೆ ಇಳಿಯುತ್ತದೆ. ವರ್ಷ ತುಂಬುವ ಮೊದಲು ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ತಾನಾಗಿ ನಿಂತುಹೋಗುತ್ತದೆ.

ಹಾಗಾದರೆ ಯಾವಾಗ ಇದು ಕಾಯಿಲೆ? ತೂಕ ಏರುತ್ತಿಲ್ಲ, ಹಾಲು ಕುಡಿಯಲು ಒಪ್ಪುತ್ತಿಲ್ಲ, ಕುಡಿಯುವಾಗೆಲ್ಲ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳುತ್ತದೆ, ಕಕ್ಕಿದ್ದರಲ್ಲಿ ರಕ್ತ ಇದೆ ಎಂದಾಗ ಡಾಕ್ಟರು ಮುಂದಿನ ಯೋಚನೆ ಮಾಡುತ್ತಾರೆ. ಬಟ್ಟೆ ಒದ್ದೆಯಾಗಿದ್ದನ್ನು ನೋಡಿ ಮಾತ್ರ ಅಳೆಯಬೇಡಿ. ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿ. ಎರಡು ಟೀ ಚಮಚ ಹಾಲನ್ನು ಒಂದು ಬಿಳಿ ಬಟ್ಟೆ ಮೇಲೆ ಚೆಲ್ಲಿ. ಬರೀ 10 ಎಂಎಲ್. ಎಷ್ಟು ದೊಡ್ಡ ಕಲೆ ಆಗುತ್ತದೆ ನೋಡಿ. "ಕುಡಿದದ್ದೆಲ್ಲ ಹೊರಗೆ ಹಾಕಿತು" ಅನ್ನುವ ಅಮ್ಮಂದಿರಿಗೆ ನಾನು ಕೊಡುವ ಮೊದಲ ಔಷಧಿ ಇದೇ.

ಈಗ ಮಲಗಿಸುವ ಮಾತು. ಇದಕ್ಕೆ ತೋಟದ ಸ್ಪ್ರಿಂಕ್ಲರ್ ಪೈಪಿನ ಎರಡು ತುಂಡು ತಂದಿದ್ದೇನೆ. ಈ ಬಿಳಿಯದು ಶ್ವಾಸನಾಳ, ಈ ಕಪ್ಪು ಅನ್ನನಾಳ. ಕುತ್ತಿಗೆಯಲ್ಲಿ ಶ್ವಾಸನಾಳ ಮುಂದೆ, ಅನ್ನನಾಳ ಹಿಂದೆ. ನಿಮ್ಮ ಕುತ್ತಿಗೆಯ ಮುಂದೆ ಕೈಗೆ ಗಟ್ಟಿಯಾಗಿ ಸಿಗುವುದು ಶ್ವಾಸನಾಳವೇ. ಈಗ ಮಗುವನ್ನು ಬೆನ್ನ ಮೇಲೆ ಮಲಗಿಸಿದೆ ಎಂದುಕೊಳ್ಳಿ. ಬಿಳಿ ಪೈಪು ಮೇಲೆ, ಕಪ್ಪು ಪೈಪು ಕೆಳಗೆ ಬಂತು. ಹಾಲು ಕಪ್ಪು ಪೈಪಿನಲ್ಲಿ ಹಿಂದಕ್ಕೆ ಬಂದರೂ ಕೆಳಗೇ ಇರುತ್ತದೆ. ಬಿಳಿ ಪೈಪಿಗೆ ಹೋಗಬೇಕಾದರೆ ಅದು ಮೇಲಕ್ಕೆ ಹತ್ತಬೇಕು. ಅಷ್ಟರಲ್ಲಿ ಮಗು ಅದನ್ನು ನುಂಗುತ್ತದೆ, ಇಲ್ಲವೇ ಕೆಮ್ಮಿ ಬಾಯಿಗೆ ತರುತ್ತದೆ. ಆವತ್ತು ರಾತ್ರಿ ಒಂದು ಗಂಟೆಗೆ ಆ ಮಗು ಕೆಮ್ಮಿತಲ್ಲ, ಅದು ಉಸಿರಿಗೆ ಕಾವಲು ಇದೆ ಅನ್ನುವುದಕ್ಕೆ ಗುರುತು. ಈಗ ಬೋರಲು ಮಾಡುತ್ತೇನೆ. ನೋಡಿ, ಬಿಳಿ ಪೈಪು ಕೆಳಗೆ ಬಂತು. ಕಕ್ಕಿದ ಹಾಲು ಅದರ ಬಾಯಿ ಹತ್ತಿರವೇ ಬಂದು ನಿಲ್ಲುತ್ತದೆ. ಬೋರಲು ಮಲಗಿದಾಗ ಕಕ್ಕುವುದು ಕಡಿಮೆ, ಸರಿ. ಆದರೆ ಉಸಿರಿನ ಅಪಾಯ ಜಾಸ್ತಿ.

ಅಪಾಯ ಹಾಲಿನದು ಮಾತ್ರ ಅಲ್ಲ. ಬೋರಲು ಮಲಗಿದ ಕೂಸಿನ ನಿದ್ದೆ ಗಾಢ, ಉಸಿರಿಗೆ ತೊಂದರೆಯಾದರೂ ಬೇಗ ಎಚ್ಚರ ಆಗುವುದಿಲ್ಲ. ಮುಖ ಹಾಸಿಗೆಗೆ ಒತ್ತಿದರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನಿದ್ದೆಯಲ್ಲೇ ಕೂಸು ತೀರಿಕೊಳ್ಳುವ ಘಟನೆಗಳ ಬಗ್ಗೆ ಕೇಳಿರಬಹುದು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಬೆನ್ನ ಮೇಲೆ ಮಲಗಿಸಿ ಎಂದು ದೊಡ್ಡ ಪ್ರಚಾರ ಮಾಡಿದರು. ಅದಾದ ಮೇಲೆ ಅಂಥ ಸಾವು ಎದ್ದು ಕಾಣುವಷ್ಟು ಇಳಿಯಿತು. ಮಕ್ಕಳು ಬೆನ್ನ ಮೇಲೆ ಮಲಗಿ ಹಾಲು ಗಂಟಲಿಗೆ ಸಿಕ್ಕಿ ಸಾಯುವುದು ಹೆಚ್ಚಾಗಲಿಲ್ಲ. ಅಜ್ಜಿಯಂದಿರ ದೊಡ್ಡ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಮಗ್ಗುಲಾಗಿ? ಕೂಸು ಮಗ್ಗುಲಲ್ಲಿ ನಿಲ್ಲುವುದಿಲ್ಲ, ಉರುಳಿ ಬೋರಲಾಗುತ್ತದೆ. ಅದೂ ಬೇಡ.

ತಲೆ ಎತ್ತರ ಮಾಡುವುದು? ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ತಲೆ ಕಡೆ ಎತ್ತರಿಸಿದರೆ ಮಲಗಿದ ಕೂಸು ಕಕ್ಕುವುದು ಕಡಿಮೆ ಆಗುವುದಿಲ್ಲ. ದಿಂಬಿನ ಮೇಲೆ ಮಲಗಿದಾಗ ಆಗುವುದು ಬೇರೆಯೇ. ತಲೆ ಭಾರ, ಕುತ್ತಿಗೆಗೆ ಶಕ್ತಿ ಇಲ್ಲ, ಗಲ್ಲ ಎದೆಗೆ ಬೀಳುತ್ತದೆ. ಕೂಸಿನ ಶ್ವಾಸನಾಳ ಮೆತ್ತಗೆ, ಕುತ್ತಿಗೆ ಮಡಚಿದರೆ ಅದೂ ಒತ್ತಿಕೊಳ್ಳುತ್ತದೆ. ಜೊತೆಗೆ ಸೊಂಟ ಮಡಚಿ ಹೊಟ್ಟೆ ಒತ್ತಿದರೆ ಹಾಲು ಮೇಲಕ್ಕೆ ಬರುವುದು ಇನ್ನೂ ಸುಲಭ. ಅಮೆರಿಕದಲ್ಲಿ 2022ರ ಒಂದು ಕಾನೂನು 10 ಡಿಗ್ರಿಗಿಂತ ಜಾಸ್ತಿ ಓರೆ ಇರುವ ಕೂಸಿನ ಹಾಸಿಗೆ ಮಾರುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಅಂಥ ಓರೆ ದಿಂಬು "ಆಂಟಿ ರಿಫ್ಲಕ್ಸ್" ಎಂಬ ಹೆಸರಿನಲ್ಲಿ ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಉಡುಗೊರೆಯಾಗಿ ಬಂದಿದ್ದರೆ ಟಿವಿ ನೋಡುವಾಗ ನಿಮ್ಮ ಬೆನ್ನಿಗೆ ಇಟ್ಟುಕೊಳ್ಳಿ.

ಹಾಗಾಗಿ ಆ ಅಜ್ಜಿಗೆ ನಾನು ಹೇಳಿದ್ದು: ಎತ್ತಿ ಹಿಡಿಯುವುದೆಲ್ಲ ಎಚ್ಚರ ಇದ್ದಾಗ. ನಿದ್ದೆಗೆ ಮಟ್ಟಸ, ಗಟ್ಟಿ ಹಾಸಿಗೆ, ಬೆನ್ನ ಮೇಲೆ. ಇನ್ನು ಕಕ್ಕುವುದನ್ನು ಕಡಿಮೆ ಮಾಡಬೇಕಾದರೆ ಹಾಸಿಗೆ ಬಿಟ್ಟು ಹಾಲಿನ ಕಡೆ ನೋಡೋಣ.

ತಾಯಿ ಕಾರ್ಡ್ ತೆಗೆದೆವು. ಹುಟ್ಟುವಾಗ 2.9 ಕಿಲೋ. ಆರು ವಾರದ ಚುಚ್ಚುಮದ್ದಿಗೆ ಬಂದಾಗ 4.1. ಈಗ ಹತ್ತನೇ ವಾರಕ್ಕೆ 5.2. ಅಂದರೆ 28 ದಿನದಲ್ಲಿ 1,100 ಗ್ರಾಂ, ದಿನಕ್ಕೆ ಹತ್ತಿರ ಹತ್ತಿರ 40 ಗ್ರಾಂ. ಈ ವಯಸ್ಸಿನಲ್ಲಿ ದಿನಕ್ಕೆ 25ರಿಂದ 30 ಗ್ರಾಂ ಏರಿದರೆ ಸಾಕು. ಮಗು ಸೊರಗುತ್ತಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಏರುತ್ತಿದೆ! ತಾಯಿಗೆ ಹಾಲು ಸಾಲದು ಎಂದು ಯಾರೋ ಹೇಳಿದ್ದರಿಂದ ಡಬ್ಬಿ ಹಾಲು ಶುರುಮಾಡಿದ್ದರು. ದಿನಕ್ಕೆ ಎಂಟು ಬಾಟಲಿ, ಒಂದೊಂದರಲ್ಲಿ 120 ಎಂಎಲ್. ಒಟ್ಟು 960. ರಾತ್ರಿ ಎರಡು ಸಲ ಎದೆಹಾಲು ಬೇರೆ. ಬರೀ ಡಬ್ಬಿ ಹಾಲು ಕುಡಿಯುವ ಕೂಸಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಎಂಎಲ್ ಎಂಬುದು ನಮ್ಮ ಲೆಕ್ಕ. 5.2 ಕಿಲೋಗೆ 780. ಎದೆಹಾಲು ಬಿಟ್ಟೇ 180 ಎಂಎಲ್ ಹೆಚ್ಚು. ಕೊಳಗದಲ್ಲಿ ತುಂಬಿ ತುಳುಕಿದ್ದು ನೆಲಕ್ಕೆ ಬೀಳುವ ಹಾಗೆ, ಅದು ತುಳುಕುತ್ತಿತ್ತು.

ಆಮೇಲೆ ಅಜ್ಜಿಗೆ ಹಾಲು ಮಾಡಿ ತೋರಿಸಿ ಎಂದೆ. ಅಳತೆ ಚಮಚವನ್ನು ಡಬ್ಬಿಯ ಅಂಚಿಗೆ ಒತ್ತಿ, ಗುಪ್ಪೆಯಾಗಿ ತುಂಬಿದರು. ಪಾಪ, ಪ್ರೀತಿ. ಆದರೆ ಪುಡಿ ಜಾಸ್ತಿಯಾದರೆ ಹಾಲು ಗಟ್ಟಿಯಾಗಿ ಹೊಟ್ಟೆಗೆ ಭಾರವಾಗುತ್ತದೆ, ಬಾಯಾರಿಕೆ ತರುತ್ತದೆ, ಮಗು ಇನ್ನಷ್ಟು ಕೇಳುತ್ತದೆ. ಮೊದಲು ನೀರು ಅಳೆದು ಹಾಕಬೇಕು, ಆಮೇಲೆ ಪುಡಿ, ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ಸಮ ಮಾಡಿ. ಎಷ್ಟು ನೀರಿಗೆ ಎಷ್ಟು ಚಮಚ ಎಂಬುದನ್ನು ಡಬ್ಬಿ ಮೇಲೆ ನೋಡಿ, ಪಕ್ಕದ ಮನೆಯವರನ್ನು ಕೇಳಬೇಡಿ. ಬಾಟಲಿಯ ನಿಪ್ಪಲ್ ತೂತೂ ದೊಡ್ಡದಿತ್ತು. ಬಾಟಲಿ ತಲೆಕೆಳಗೆ ಮಾಡಿದರೆ ಹನಿ ಹನಿಯಾಗಿ ಬೀಳಬೇಕು, ಧಾರೆಯಾಗಿ ಸುರಿದರೆ ಮಗು ಗಟಗಟ ಕುಡಿದು ಗಾಳಿಯನ್ನೂ ನುಂಗುತ್ತದೆ.

ನಾವು ಬದಲಿಸಿದ್ದು ಇಷ್ಟೇ. ಪ್ರತಿ ಸಲ ಮೊದಲು ಎದೆಹಾಲು. ಬಾಟಲಿ ದಿನಕ್ಕೆ ಆರು, ಒಂದರಲ್ಲಿ 90 ಎಂಎಲ್, ಸಣ್ಣ ತೂತಿನ ನಿಪ್ಪಲ್. ಮಗುವನ್ನು ಅರ್ಧ ಕೂತ ಹಾಗೆ ಹಿಡಿದು ಕುಡಿಸುವುದು, ಮಧ್ಯದಲ್ಲಿ ನಿಲ್ಲಿಸಿ ತೇಗಿಸುವುದು. ಮುಖ ತಿರುಗಿಸಿದರೆ ಸಾಕು ಎಂದು ಅರ್ಥ, ಬಾಟಲಿಯ ತಳದಲ್ಲಿ ಉಳಿದದ್ದನ್ನು ತುರುಕಬಾರದು. ಕುಡಿಸಿದ ಮೇಲೆ 20ರಿಂದ 30 ನಿಮಿಷ ಭುಜದ ಮೇಲೆ ನೆಟ್ಟಗೆ. ಮಗುವನ್ನು ಕಾರ್ ಸೀಟಿನಲ್ಲೋ ಊಟದ ಕುರ್ಚಿಯಲ್ಲೋ ಕೂರಿಸಿದರೆ ಅದು ನೆಟ್ಟಗೆ ಅಲ್ಲ, ಅಲ್ಲಿ ಹೊಟ್ಟೆ ಮಡಚುತ್ತದೆ. ಡೈಪರ್ ಬದಲಿಸುವುದು, ಎಣ್ಣೆ ಹಚ್ಚುವುದು, ಸ್ನಾನ ಎಲ್ಲ ಹಾಲಿಗೆ ಮೊದಲು. ನಮ್ಮಲ್ಲಿ ಎಣ್ಣೆ ನೀರಾದ ಮೇಲೆ ಹೊಟ್ಟೆ ತುಂಬ ಹಾಲು ಕೊಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ತಕ್ಷಣ ಮಲಗಿಸುತ್ತಾರೆ. ಆ ಸುತ್ತನ್ನು ಹೊಟ್ಟೆಯ ಹತ್ತಿರ ಸಡಿಲ ಬಿಡಿ.

ಬರೀ ಎದೆಹಾಲು ಕುಡಿಯುವ ಮಗುವಿಗೆ ಈ ಎಂಎಲ್ ಲೆಕ್ಕ ಹಾಕಬೇಡಿ. ಅಲ್ಲಿ ಹಾಲು ಕಡಿಮೆ ಮಾಡುವ ಮಾತಿಲ್ಲ. ಮಗು ಎದೆಯನ್ನು ಸರಿಯಾಗಿ ಹಿಡಿದಿದೆಯಾ ಎಂದು ನರ್ಸ್ ಒಬ್ಬರಿಗೆ ತೋರಿಸಿ. ಹಾಲು ರಭಸದಿಂದ ಬಂದು ಮಗು ಕೆಮ್ಮುವುದಾದರೆ, ತಾಯಿ ಸ್ವಲ್ಪ ಹಿಂದಕ್ಕೆ ಒರಗಿ ಮಗುವನ್ನು ತನ್ನ ಎದೆಯ ಮೇಲೆ ಹಾಕಿಕೊಂಡು ಕುಡಿಸಬಹುದು.

ರಾತ್ರಿಯದು ಕಷ್ಟ, ಒಪ್ಪುತ್ತೇನೆ. ಎರಡು ಗಂಟೆಗೆ ಎದ್ದು ಕುಡಿಸಿ, ಮತ್ತೆ ಅರ್ಧ ಗಂಟೆ ಹೊತ್ತು ಕೂರು ಎಂದರೆ ತಾಯಿ ಅಲ್ಲೇ ತೂಕಡಿಸುತ್ತಾಳೆ. ಸೋಫಾದಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗುವುದು ದಿಂಬಿಗಿಂತ ದೊಡ್ಡ ಅಪಾಯ, ಮಗು ಸಂದಿಗೆ ಜಾರುತ್ತದೆ. ಹಾಗಾಗಿ ಆ ಮನೆಯಲ್ಲಿ ಕೆಲಸ ಹಂಚಿದೆವು. ಕುಡಿಸುವುದು ತಾಯಿ, ಹೊತ್ತು ನಿಲ್ಲುವುದು ಅಪ್ಪ. ಅಪ್ಪ ತೋಟದ ಕೆಲಸಕ್ಕೆ ಬೆಳಗ್ಗೆ ಬೇಗ ಏಳಬೇಕು ಎಂದು ರಾಗ ಎಳೆದ. "ಹಾಗಾದ್ರೆ ಎರಡು ಗಂಟೆಯದು ನಿನ್ನದು, ಐದು ಗಂಟೆಯದು ನನ್ನದು" ಎಂದರು ಅಜ್ಜಿ. ಯಾರೂ ಇಲ್ಲದ ರಾತ್ರಿ ನಿದ್ದೆ ತಡೆಯಲಾಗದಿದ್ದರೆ ತೇಗಿಸಿ ಮಟ್ಟಸವಾಗಿ ಬೆನ್ನ ಮೇಲೆ ಮಲಗಿಸಿಬಿಡಿ. ಅರ್ಧ ಗಂಟೆ ಹೊರದಿದ್ದರೆ ಸ್ವಲ್ಪ ಕಕ್ಕಬಹುದು, ಅಷ್ಟೇ.

ಇನ್ನೊಂದು ಮಾತು. ಎರಡು ತಿಂಗಳ ಮಗು ಎರಡು ಮೂರು ಗಂಟೆಗೊಮ್ಮೆ ಏಳುವುದು ಅದರ ವಯಸ್ಸು. ಸಂಜೆ ಹೊತ್ತು ಸುಮ್ನೆ ಅಳುವುದೂ ಆರು ವಾರದ ಸುಮಾರಿಗೆ ಜೋರಾಗಿರುತ್ತದೆ. ಎಲ್ಲ ಎಚ್ಚರಕ್ಕೂ ರಿಫ್ಲಕ್ಸ್ ಕಾರಣ ಎಂದುಕೊಂಡರೆ ಔಷಧಿ ಹುಡುಕುವುದು ಶುರುವಾಗುತ್ತದೆ.

ಔಷಧಿಯ ವಿಷಯ ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕು? ಕೈಬೀಸಿ ಹೋಗಬೇಡಿ. ಮೂರು ದಿನ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಎಷ್ಟು ಕುಡಿಯಿತು, ಯಾವಾಗ ಕಕ್ಕಿತು, ಕಕ್ಕುವಾಗ ಅತ್ತಿತಾ ನಕ್ಕಿತಾ, ಎಷ್ಟು ಸಲ ಮೂತ್ರ ಮಾಡಿತು. ಒಂದು ಸಲ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ನನಗಂತೂ ಹತ್ತು ನಿಮಿಷದ ವರ್ಣನೆಗಿಂತ ಅರ್ಧ ನಿಮಿಷದ ವಿಡಿಯೋ ಜಾಸ್ತಿ ಹೇಳುತ್ತದೆ. ತಾಯಿ ಕಾರ್ಡ್ ಮರೆಯಬೇಡಿ. ಹನಿ ಔಷಧಿ ಬರೆದರೆ ಕೇಳಿ: ಇದು ಆಮ್ಲ ಕಡಿಮೆ ಮಾಡುವುದಾ, ಹೊಟ್ಟೆ ಬೇಗ ಖಾಲಿ ಮಾಡುವುದಾ? ಯಾಕೆ ಬೇಕು? ಎಷ್ಟು ವಾರ? ಯಾವಾಗ ನಿಲ್ಲಿಸುವುದು? ಹೀಗೆ ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಆಮ್ಲದ ಔಷಧಿ ಆಮ್ಲವನ್ನು ಮಾತ್ರ ಕಡಿಮೆ ಮಾಡುತ್ತದೆ, ಹಾಲು ಬರುವುದು ಹಾಗೇ ಇರುತ್ತದೆ. ಆಮ್ಲ ಹೊಟ್ಟೆಯ ಕಾವಲುಗಾರ ಕೂಡ. ಅದು ಕಡಿಮೆಯಾದರೆ ಭೇದಿ, ಎದೆಯ ಸೋಂಕು ಬರುವ ಸಾಧ್ಯತೆ ಹೆಚ್ಚುತ್ತದೆ. ನಗುತ್ತಾ ಬೆಳೆಯುತ್ತಿರುವ ಮಗು ಬರೀ ಕಕ್ಕುತ್ತದೆ ಎಂದು ಅದನ್ನು ಕೊಡುವುದಿಲ್ಲ. ಹೊಟ್ಟೆ ಬೇಗ ಖಾಲಿ ಮಾಡುವ ಹನಿಗಳಲ್ಲಿ ಕೆಲವು ಹೃದಯದ ಬಡಿತದ ಮೇಲೆ ಪರಿಣಾಮ ಮಾಡಬಲ್ಲವು. ಅಣ್ಣನ ಮಗುವಿಗೆ ಬರೆದ ಬಾಟಲಿ ತಂಗಿಯ ಮಗುವಿಗೆ ಹಾಕಬೇಡಿ.

ಹಾಲಿನ ಪ್ರೋಟೀನ್ ಅಲರ್ಜಿಯ ಬಗ್ಗೆಯೂ ಕೇಳಬಹುದು. ಕಕ್ಕುವುದರ ಜೊತೆ ಮೈಮೇಲೆ ಕೆಂಪು ತುರಿಕೆ, ಮಲದಲ್ಲಿ ಲೋಳೆ ಅಥವಾ ರಕ್ತದ ಗೆರೆ ಇದ್ದರೆ ಆ ಅನುಮಾನ ಬರುತ್ತದೆ. ಆಗ ಡಾಕ್ಟರು ಎರಡರಿಂದ ನಾಲ್ಕು ವಾರ ತಾಯಿಯ ಊಟದಿಂದ ಹಾಲು, ಮೊಸರು ತೆಗೆಸಿ ನೋಡಬಹುದು, ಅಥವಾ ಡಬ್ಬಿಯ ಹಾಲು ಬದಲಿಸಬಹುದು. ಕಡಿಮೆಯಾದರೆ ಮತ್ತೆ ಕೊಟ್ಟು ಖಚಿತ ಮಾಡಿಕೊಳ್ಳುತ್ತಾರೆ. ಆ ಎರಡನೇ ಹೆಜ್ಜೆ ಬಿಟ್ಟುಬಿಟ್ಟರೆ ಬಾಣಂತಿ ವರ್ಷಗಟ್ಟಲೆ ಸುಮ್ನೆ ಕಪ್ಪು ಕಾಫಿ ಕುಡಿಯಬೇಕಾಗುತ್ತದೆ. ನಿಮ್ಮಷ್ಟಕ್ಕೆ ಮೇಕೆ ಹಾಲಿಗೆ ಬದಲಿಸಬೇಡಿ, ಅದರ ಪ್ರೋಟೀನ್ ಹಸುವಿನದಕ್ಕೆ ಹತ್ತಿರದ ನೆಂಟ.

ಕಾಯಬಾರದ ಗುರುತುಗಳನ್ನು ಈಗ ಹೇಳುತ್ತೇನೆ, ಆಶಾ ಅಕ್ಕಂದಿರು ಬರೆದುಕೊಳ್ಳಿ. ವಾಂತಿ ಹಸಿರು ಬಣ್ಣದ್ದಾದರೆ ಕರುಳು ತಿರುಚಿರಬಹುದು, ಅದು ಗಂಟೆಗಳ ಲೆಕ್ಕ. ಎರಡರಿಂದ ಎಂಟು ವಾರದ ಮಗು ಪ್ರತಿ ಸಲವೂ ದೂರಕ್ಕೆ ಚಿಮ್ಮುವ ಹಾಗೆ ವಾಂತಿ ಮಾಡಿ, ತಕ್ಷಣ ಮತ್ತೆ ಹಸಿವಾಗಿ ಅಳುತ್ತಾ, ತೂಕ ಇಳಿಯುತ್ತಿದ್ದರೆ ಹೊಟ್ಟೆಯ ಹೊರಬಾಗಿಲು ಕಿರಿದಾಗಿರಬಹುದು, ಅದಕ್ಕೆ ಆಪರೇಷನ್ ಇದೆ. ರಕ್ತ, ಗಟ್ಟಿಯಾಗಿ ಉಬ್ಬಿದ ಹೊಟ್ಟೆ, ಉಬ್ಬಿದ ನೆತ್ತಿ, ಮೂರು ತಿಂಗಳೊಳಗಿನ ಮಗುವಿಗೆ ಜ್ವರ, ಮೂತ್ರ ತೀರಾ ಕಡಿಮೆ, ಉಸಿರು ನಿಂತ ಹಾಗಾಗಿ ನೀಲಿಯಾಗುವುದು, ಇವೆಲ್ಲ ಅದೇ ದಿನ ಆಸ್ಪತ್ರೆ. ಆರು ತಿಂಗಳಾದ ಮೇಲೆ ಹೊಸದಾಗಿ ಶುರುವಾದ ವಾಂತಿಯೂ ರಿಫ್ಲಕ್ಸ್ ಎಂದು ಬಿಡುವಂಥದ್ದಲ್ಲ. ಮಳೆಗಾಲದಲ್ಲಿ ಭಾಗಮಂಡಲ ಕಡೆಯವರು, ಮಾಕುಟ್ಟ ದಾರಿಯವರು ರಾತ್ರಿಗೆ ಕಾಯಬೇಡಿ. ಮರ ಬಿದ್ದರೆ ದಾರಿ ಇಲ್ಲ. ಹಗಲಿಗೇ 108ಕ್ಕೆ ಕರೆ ಮಾಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ನಾನು ಹೇಳಿದ ಅಳತೆಗಳು ಹೊಂದುವುದಿಲ್ಲ, ಅವರ ಡಾಕ್ಟರನ್ನೇ ಕೇಳಿ.

ಆ ನಾಪೋಕ್ಲು ಮಗು ಎರಡು ವಾರದ ಮೇಲೆ ಬಂತು. 5.6 ಕಿಲೋ, ದಿನಕ್ಕೆ ಸುಮಾರು 30 ಗ್ರಾಂ ಏರಿದೆ. ದಿನಕ್ಕೆ ಹತ್ತು ಹನ್ನೆರಡು ಸಲ ಕಕ್ಕುತ್ತಿದ್ದದ್ದು ನಾಲ್ಕೈದಕ್ಕೆ ಇಳಿದಿದೆ. ಪೂರ್ತಿ ನಿಂತಿಲ್ಲ. ನಾನು ಔಷಧಿ ಏನೂ ಬರೆಯಲಿಲ್ಲ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಒಬ್ಬ ಅಂಗನವಾಡಿ ಟೀಚರು ಜೋಲಿಯ ಬಗ್ಗೆ ಕೇಳಿದರು. ಸೀರೆಯ ಜೋಲಿಯಲ್ಲಿ ಮಗು ಬಾಳೆಹಣ್ಣಿನ ಹಾಗೆ ಬಗ್ಗುತ್ತದೆ. ಗಲ್ಲ ಎದೆಗೆ, ಮೊಣಕಾಲು ಹೊಟ್ಟೆಗೆ. ದಿಂಬಿನ ಕಥೆಯೇ ಮತ್ತೆ. ಸಮಾಧಾನ ಮಾಡಲು ತೂಗಿ, ಪಕ್ಕದಲ್ಲಿ ಯಾರಾದರೂ ಕೂತಿರಲಿ, ಕಣ್ಣು ಮುಚ್ಚಿದ ಮೇಲೆ ಮಟ್ಟಸವಾದ ಜಾಗಕ್ಕೆ ತನ್ನಿ. ತಳ ಗಟ್ಟಿ ಇರುವ ಮರದ ತೊಟ್ಟಿಲು ಒಳ್ಳೆಯದು. ಲೈನ್ ಮನೆಯಲ್ಲಿ ತೊಟ್ಟಿಲು ಇಲ್ಲದಿದ್ದರೆ, ಹಲಗೆಯ ಮೇಲೆ ಚಾಪೆ, ಅದರ ಮೇಲೆ ಬಿಗಿಯಾಗಿ ಎಳೆದು ಹಾಸಿದ ಒಂದು ಬಟ್ಟೆ ಸಾಕು. ನಮ್ಮ ಚಳಿಗೆ ಕಂಬಳಿ ಮೇಲೆ ಕಂಬಳಿ ಹೊದಿಸುವುದು ಬೇಡ, ಮುಖಕ್ಕೆ ಬರುತ್ತದೆ. ನೀವು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಜಾಸ್ತಿ ಬಟ್ಟೆ ಹಾಕಿ. ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಮುಚ್ಚಬೇಡಿ.

ಇನ್ನೊಬ್ಬರು, ಮಗು ತಾನೇ ಮಗುಚಿಕೊಂಡರೆ ಏನು ಮಾಡುವುದು ಎಂದರು. ಎರಡೂ ಕಡೆ ಸಲೀಸಾಗಿ ಹೊರಳುವ ಮಗುವನ್ನು ನೀವು ಬೆನ್ನ ಮೇಲೆ ಮಲಗಿಸಿ, ಆಮೇಲೆ ಅದು ಹೊರಳಿದರೆ ಹಾಗೇ ಬಿಡಿ. ರಾತ್ರಿಯೆಲ್ಲ ತಿರುಗಿಸುತ್ತಾ ಕೂರಬೇಕಿಲ್ಲ.

ಹಾಲಿಗೆ ರಾಗಿ ಮಣ್ಣಿ ಬೆರೆಸಿ ಗಟ್ಟಿ ಮಾಡಬಹುದಾ ಎಂದೂ ಕೇಳಿದರು. ಗಟ್ಟಿ ಮಾಡಿದ ಹಾಲು ಕಕ್ಕುವುದನ್ನು ಕಡಿಮೆ ಮಾಡುವುದು ನಿಜ, ಡಬ್ಬಿ ಹಾಲಿನ ಕೆಲವು ಮಕ್ಕಳಿಗೆ ಡಾಕ್ಟರು ಹೇಳುತ್ತಾರೆ ಕೂಡ. ಯಾವುದರಿಂದ, ಎಷ್ಟು ಎಂಬುದನ್ನು ಅವರೇ ಹೇಳಬೇಕು. ಮನೆಯಲ್ಲೇ ಅಂದಾಜಿಗೆ ಮಾಡಬೇಡಿ.

ಕೊನೆಯ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು: "ನಮ್ಮ ಮನೆ ಜೇನು, ಕಾಡಿನದ್ದು, ಶುದ್ಧ. ಬಜೆ ತೇದು ಅದರಲ್ಲಿ ನೆಕ್ಕಿಸಿದ್ರೆ ಕಕ್ಕೋದು ನಿಲ್ತದೆ ಅಲ್ವಾ?" ಅಜ್ಜಿ, ಕೊಡಗಿನ ಜೇನಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಶುದ್ಧ ಜೇನಿನಲ್ಲೂ ಒಂದು ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಕೂಸಿನ ಹೊಟ್ಟೆಯಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಮಗುವಿನ ಮೈ ಸೋತು ಉಸಿರಾಟಕ್ಕೂ ತೊಂದರೆ ಬರುತ್ತದೆ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಬಜೆಯಂತೂ ತಾನೇ ವಾಂತಿ ತರಿಸುವ ಬೇರು. ಆ ಜೇನನ್ನು ಬಾಟಲಿಯಲ್ಲಿ ಹಾಕಿಡಿ, ಮಗುವಿನ ಮೊದಲ ಹುಟ್ಟುಹಬ್ಬ ಆದ ಮೇಲೆ ನೆಕ್ಕಿಸಿ. ಆಗ ನನಗೂ ಸ್ವಲ್ಪ ಕಳಿಸಿ.